ಕುಕಿ ಅಳಿಸಿದರೂ ಪ್ರಿಂಟರ್ ಬೆನ್ನು ಬಿಡುವುದಿಲ್ಲ, ಯಾಕೆ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ಚಿಕ್ಕದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ ಸರ್. ಹೋದ ವಾರ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ಒಂದು ಪ್ರಿಂಟರ್ ನೋಡಿದೆ. ಆಮೇಲೆ ಕುಕೀಸ್ ಎಲ್ಲ ಅಳಿಸಿದೆ. ‘ಡು ನಾಟ್ ಟ್ರ್ಯಾಕ್’ ಮೊದಲಿನಿಂದಲೂ ಆನ್ ಇದೆ. ಆದರೂ ಮಾರನೇ ದಿನ ಮಾಮೂಲಿ ವಿಂಡೋದಲ್ಲಿ ಸುದ್ದಿ ಓದುವಾಗ ಅದೇ ಪ್ರಿಂಟರ್ ಜಾಹೀರಾತು! ಮೊಬೈಲಲ್ಲೂ ಬಂತು. ಇದು ಫಿಂಗರ್‌ಪ್ರಿಂಟಿಂಗ್ ಅಂತ ಪರಿಚಯದವರೊಬ್ಬರು ಹೇಳಿದರು. ಹಾಗಾದ್ರೆ ಈ ಸೆಟ್ಟಿಂಗ್‌ಗಳೆಲ್ಲ ಸುಮ್ನೆ ತೋರಿಕೆಗಾ? ನನ್ನದು ವಿಂಡೋಸ್ 10. ನುಡಿ, ಬರಹ ಫಾಂಟ್‌ಗಳಿಲ್ಲದೆ ನನ್ನ ಕೆಲಸ ನಡೆಯುವುದಿಲ್ಲ.

ಉತ್ತರ: ತೋರಿಕೆಗಲ್ಲ. ಆದರೆ ಅವು ಮಾಡುವ ಕೆಲಸ ಒಂದು, ನೀವು ಅಂದುಕೊಂಡ ಕೆಲಸ ಇನ್ನೊಂದು. ಇನ್‌ಕಾಗ್ನಿಟೋ ಮತ್ತು ಕುಕಿ ಅಳಿಸುವುದು, ಈ ಎರಡೂ ನಿಮ್ಮ ಕಂಪ್ಯೂಟರಿನಲ್ಲಿ ಏನು ಉಳಿಯುತ್ತದೆ ಅನ್ನುವುದಕ್ಕೆ ಸಂಬಂಧಪಟ್ಟವು. ನಿಮ್ಮ ಕಂಪ್ಯೂಟರ್ ಹೊರಗಿನವರಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಅವು ಮುಟ್ಟುವುದೇ ಇಲ್ಲ. ಇನ್ನು ‘ಡು ನಾಟ್ ಟ್ರ್ಯಾಕ್’ ಎರಡನ್ನೂ ಮುಟ್ಟುವುದಿಲ್ಲ. ಅದು ಬರೀ ಒಂದು ವಿನಂತಿ. ವೆಬ್‌ಸೈಟ್ ಅದನ್ನು ಓದಿ ಕಸದ ಬುಟ್ಟಿಗೆ ಹಾಕಿದರೂ ಕೇಳುವವರಿಲ್ಲ. ಅದನ್ನು ಒಂದು ಮಾನದಂಡ ಮಾಡಲು ಹೊರಟಿದ್ದ ಸಮಿತಿ 2019ರಲ್ಲಿ ಬಾಗಿಲು ಹಾಕಿತು. ಸಫಾರಿ ಅದೇ ವರ್ಷ ಆ ಗುಂಡಿಯನ್ನೇ ತೆಗೆಯಿತು, ಫೈರ್‌ಫಾಕ್ಸ್ 2025ರಲ್ಲಿ ತೆಗೆಯಿತು. ನೀವು ಅದನ್ನು ಆಫ್ ಮಾಡಿದರೂ ಏನೂ ನಷ್ಟವಿಲ್ಲ.

ಮೊದಲು ಕುಕಿಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಇಲ್ಲಿ ಸೆಟ್ಟಿಂಗ್‌ಗಳು ನಿಜಕ್ಕೂ ಕೆಲಸ ಮಾಡುತ್ತವೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ಇದನ್ನು ತಂದಾಗ ಉದ್ದೇಶ ಸರಳವಾಗಿತ್ತು. ಒಂದು ಸೈಟ್ ನಿಮ್ಮ ಬ್ರೌಸರಿಗೆ ಒಂದು ಸಂಖ್ಯೆ ಕೊಡುತ್ತದೆ, ನೀವು ಮತ್ತೆ ಬಂದಾಗ ಬ್ರೌಸರ್ ಅದನ್ನು ವಾಪಸ್ ತೋರಿಸುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ಟೋಕನ್ ಬಿಸಾಕಿದರೆ ನೀವು ಯಾರೋ ಅವರಿಗೆ ಗೊತ್ತಿಲ್ಲ. ಆದರೆ ಚಪ್ಪಲಿ ಕಾಯುವವನು ಚುರುಕಾಗಿದ್ದರೆ ಟೋಕನ್ನೇ ನೋಡುವುದಿಲ್ಲ. ಎಡಗಾಲಿನ ಹಿಮ್ಮಡಿ ಸವೆದ, ಕಂದು ದಾರದಲ್ಲಿ ಹೊಲಿದ ಚಪ್ಪಲಿ ಅಂದರೆ ನಿಮ್ಮದೇ ಅಂತ ಅವನಿಗೆ ಗೊತ್ತು. ಫಿಂಗರ್‌ಪ್ರಿಂಟಿಂಗ್ ಅಂದರೆ ಇದೇ.

ಕುಕಿಯ ತಕರಾರು ಶುರುವಾಗುವುದು ಮೂರನೆಯವರಿಂದ. ನೀವು ಓದುವ ಸುದ್ದಿ ಪುಟದೊಳಗೆ ಒಂದು ಜಾಹೀರಾತು ಕಂಪನಿಯ ತುಣುಕು ಇರುತ್ತದೆ. ಪ್ರಿಂಟರ್ ಮಾರುವ ಪುಟದಲ್ಲೂ ಅದೇ ಕಂಪನಿಯ ತುಣುಕು ಇರುತ್ತದೆ. ಎರಡೂ ಕಡೆ ಅದೇ ಕಂಪನಿಯ ಕುಕಿ ವಾಪಸ್ ಹೋದರೆ, ಇಬ್ಬರೂ ಒಬ್ಬರೇ ಅಂತ ಅದಕ್ಕೆ ಗೊತ್ತಾಗುತ್ತದೆ. ಈ ದಾರಿಯನ್ನು ಸಫಾರಿ 2020ರಿಂದ ಪೂರ್ತಿ ಮುಚ್ಚಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿಗೂ ಕುಕಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಸುದ್ದಿ ಪುಟದೊಳಗೆ ಇಟ್ಟ ಕುಕಿ ಅಂಗಡಿಯ ಪುಟದೊಳಗೆ ಕಾಣುವುದೇ ಇಲ್ಲ. ಕ್ರೋಮ್ ಮಾತ್ರ ತೆಗೆಯುತ್ತೇವೆ ಅಂತ 2020ರಿಂದ ಹೇಳುತ್ತ ಹೇಳುತ್ತ, 2025ರ ಏಪ್ರಿಲ್‌ನಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ ಅಂದುಬಿಟ್ಟಿತು. ಜಾಹೀರಾತೇ ಹೊಟ್ಟೆಪಾಡಾಗಿರುವ ಕಂಪನಿಯ ಬ್ರೌಸರ್ ಅದು, ಇದರಲ್ಲಿ ಆಶ್ಚರ್ಯ ಏನಿಲ್ಲ.

ಇನ್‌ಕಾಗ್ನಿಟೋದಲ್ಲಿ ಮಾತ್ರ ಕ್ರೋಮ್ ಮೂರನೆಯವರ ಕುಕಿಯನ್ನು ತಾನಾಗಿಯೇ ತಡೆಯುತ್ತದೆ. ಅಲ್ಲಿಯ ಕುಕಿ ಡಬ್ಬಿಯೂ ಬೇರೆ. ವಿಂಡೋ ಮುಚ್ಚಿದರೆ ಖಾಲಿ. ಅಂದರೆ ನಿಮ್ಮ ಇನ್‌ಕಾಗ್ನಿಟೋಗೂ ಮಾಮೂಲಿ ವಿಂಡೋಗೂ ನಡುವೆ ಕುಕಿಯ ನಂಟು ನಿಜಕ್ಕೂ ಕಡಿದಿತ್ತು. ಪ್ರಿಂಟರ್ ಬೇರೆ ದಾರಿಯಲ್ಲಿ ಬಂದಿದೆ. ಇನ್‌ಕಾಗ್ನಿಟೋದಲ್ಲಿದ್ದಾಗಲೂ ಮಾಹಿತಿ ಸಂಗ್ರಹಿಸುತ್ತದೆ ಅಂತ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆಯೇ ಆಯಿತು. 2024ರ ರಾಜಿಯಲ್ಲಿ ಕೋಟಿಗಟ್ಟಲೆ ದಾಖಲೆ ಅಳಿಸಲು ಕಂಪನಿ ಒಪ್ಪಿತು. ಆ ಹೊತ್ತಿಗೆ ಇನ್‌ಕಾಗ್ನಿಟೋ ತೆರೆದಾಗ ಕಾಣುವ ಬರಹವನ್ನೂ ಬದಲಿಸಿದರು. ಸೈಟ್‌ಗಳು ಮತ್ತು ಅವು ಬಳಸುವ ಸೇವೆಗಳು, ಗೂಗಲ್ ಸೇರಿ, ನಿಮ್ಮ ಮಾಹಿತಿ ಪಡೆಯುವ ರೀತಿ ಇದರಿಂದ ಬದಲಾಗುವುದಿಲ್ಲ ಅಂತ ಈಗ ಅಲ್ಲೇ ಬರೆದಿದೆ. ಒಂದು ಸಲ ಓದಿ ನೋಡಿ.

ಹಾಗಾದರೆ ಯಾವ ದಾರಿ? ಫಿಂಗರ್‌ಪ್ರಿಂಟ್ ಮೇಲೆ ನೇರ ಗೂಬೆ ಕೂರಿಸುವ ಮೊದಲು ಮೂರು ಸಾಮಾನ್ಯ ಅನುಮಾನಗಳನ್ನು ನೋಡಬೇಕು.

ಮೊದಲನೆಯದು ಲಾಗಿನ್. ಇನ್‌ಕಾಗ್ನಿಟೋದಲ್ಲಿ ಬೆಲೆ ನೋಡಲೋ, ಪಿನ್‌ಕೋಡಿಗೆ ಡೆಲಿವರಿ ಇದೆಯೋ ಇಲ್ಲವೋ ತಿಳಿಯಲೋ ನೀವು ಮೊಬೈಲ್ ನಂಬರ್ ಹಾಕಿ ಒಳಗೆ ಹೋದಿರಾ? ಹೋಗಿದ್ದರೆ ಕಥೆ ಅಲ್ಲೇ ಮುಗಿಯಿತು. ಅಂಗಡಿ ಆ ನಂಬರನ್ನು ಜಾಹೀರಾತು ಕಂಪನಿಗೆ ಕಳಿಸಬಹುದು. ಇದು ಸರ್ವರಿನಿಂದ ಸರ್ವರಿಗೆ ಹೋಗುವ ಮಾತು, ನಿಮ್ಮ ಬ್ರೌಸರಿನ ಯಾವ ಸೆಟ್ಟಿಂಗೂ ಅಲ್ಲಿಗೆ ತಲುಪುವುದಿಲ್ಲ. ನಂಬರನ್ನು ಹಾಗೇ ಕಳಿಸುವುದಿಲ್ಲ, ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರದಿಂದ ಅರ್ಥವಾಗದ ಅಕ್ಷರಗಳ ಸಾಲಾಗಿ ಬದಲಿಸಿ ಕಳಿಸುತ್ತೇವೆ ಅಂತ ಅವರು ಹೇಳುತ್ತಾರೆ. ಇದರಲ್ಲಿ ಸಮಾಧಾನ ಪಡುವಂಥದ್ದು ಜಾಸ್ತಿ ಏನಿಲ್ಲ. ಒಂದೇ ನಂಬರಿಗೆ ಹ್ಯಾಶ್ ಯಾವಾಗಲೂ ಒಂದೇ ಬರುತ್ತದೆ. ಜಾಹೀರಾತು ಕಂಪನಿಯ ಬಳಿ ನಿಮ್ಮ ನಂಬರ್ ಮೊದಲೇ ಇದ್ದರೆ ಎರಡು ಹ್ಯಾಶ್ ತಾಳೆ ನೋಡಿದರೆ ಸಾಕು. ಇಲ್ಲದಿದ್ದರೂ ನಮ್ಮ ಮೊಬೈಲ್ ನಂಬರ್ ಹತ್ತಂಕಿ, ಶುರುವಾಗುವುದು 6, 7, 8 ಅಥವಾ 9ರಿಂದ. ಒಟ್ಟು 400 ಕೋಟಿ ಸಾಧ್ಯತೆ. ಅಷ್ಟಕ್ಕೂ ಹ್ಯಾಶ್ ಲೆಕ್ಕ ಹಾಕುವುದು ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ಕ್ಷಣದ ಕೆಲಸ.

ಎರಡನೆಯದು ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ನಂಬರ್. ಅಂಗಡಿಯ ವೈಫೈಯಲ್ಲಿ ಕಂಪ್ಯೂಟರೂ ಮೊಬೈಲೂ ಹೊರಗೆ ಹೋಗುವುದು ಒಂದೇ ಸಂಪರ್ಕದಿಂದ. ನಿಮಗೆ ಮೊಬೈಲಿನಲ್ಲೂ ಜಾಹೀರಾತು ಬಂದದ್ದಕ್ಕೆ ಇದು ತುಂಬ ಒಳ್ಳೆಯ ವಿವರಣೆ. ಬೆರಳಚ್ಚಿನಂಥ ಗುರುತು ಕಂಪ್ಯೂಟರಿನದ್ದು ಬೇರೆ, ಮೊಬೈಲಿನದ್ದು ಬೇರೆ. ಫಿಂಗರ್‌ಪ್ರಿಂಟಿಂಗ್ ಒಂದರಿಂದಲೇ ಇವೆರಡನ್ನೂ ಜೋಡಿಸಲು ಆಗುವುದಿಲ್ಲ. ಜೋಡಿಸುವುದು ಐಪಿ ಅಥವಾ ಲಾಗಿನ್.

ಮೂರನೆಯದು ತೀರಾ ಸಪ್ಪೆ. ನಿಮ್ಮದು ಡಿಟಿಪಿ ಅಂಗಡಿ. ದಿನಾ ಟೋನರ್, ಪೇಪರ್, ಫಾಂಟ್ ಅಂತ ಹುಡುಕುವವರು. ನಿಮಗೆ ಪ್ರಿಂಟರ್ ಜಾಹೀರಾತು ಮೊದಲೂ ಬರುತ್ತಿತ್ತು, ನೀವು ಗಮನಿಸಿರಲಿಲ್ಲ ಅಷ್ಟೇ ಇರಬಹುದು.

ಇದನ್ನು ಒಡೆದು ನೋಡುವ ದಾರಿ ಇದೆ. ನೀವು ಯಾವತ್ತೂ ಕೊಳ್ಳದ ವಸ್ತು ಆರಿಸಿ. ಹಾಲು ಕರೆಯುವ ಯಂತ್ರ ಅಂತಿಟ್ಟುಕೊಳ್ಳಿ. ಇನ್‌ಕಾಗ್ನಿಟೋದಲ್ಲಿ, ಎಲ್ಲೂ ಲಾಗಿನ್ ಆಗದೆ, ಅಂಗಡಿಯ ವೈಫೈಯಲ್ಲೇ ನಾಲ್ಕೈದು ಕಡೆ ಅದನ್ನು ನೋಡಿ. ಎರಡು ದಿನ ಮಾಮೂಲಿ ವಿಂಡೋ ಗಮನಿಸಿ. ಬಂದರೆ, ಬೇರೊಂದು ವಸ್ತು ಹಿಡಿದು ಮತ್ತೆ ಮಾಡಿ. ಈ ಸಲ ಇನ್‌ಕಾಗ್ನಿಟೋ ಹುಡುಕಾಟಕ್ಕೆ ಮಾತ್ರ ಬೇರೆಯವರ ಮೊಬೈಲ್ ಹಾಟ್‌ಸ್ಪಾಟ್ ಬಳಸಿ, ಆಮೇಲೆ ವೈಫೈಗೆ ಮರಳಿ. ಈಗ ಬರದಿದ್ದರೆ ಐಪಿಯದೇ ಕೆಲಸ. ಹಾಗೆ ಮಾಡಿದರೂ ಬಂದರೆ ನಿಮ್ಮ ಯಂತ್ರದ ಗುರುತಿನ ಮೇಲೆ ಅನುಮಾನ ಪಡಲು ಕಾರಣ ಇದೆ. ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ. ಆದರೆ ಕತ್ತಲಲ್ಲಿ ತಡಕಾಡುವುದಕ್ಕಿಂತ ವಾಸಿ.

ಈಗ ಆ ಗುರುತಿಗೆ ಬರೋಣ. ನಿಮ್ಮ ವಿಷಯದಲ್ಲಿ ಇದು ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಗಂಭೀರ, ಅದಕ್ಕೆ ಕಾರಣ ಆ ನುಡಿ, ಬರಹ ಫಾಂಟ್‌ಗಳೇ.

ಒಂದು ಪುಟ ತೆರೆದಾಗ ಅದರ ಜಾವಾಸ್ಕ್ರಿಪ್ಟ್ ನಿಮ್ಮ ಬ್ರೌಸರನ್ನು ಹತ್ತಾರು ಸಣ್ಣ ಪ್ರಶ್ನೆ ಕೇಳಬಹುದು. ಅನುಮತಿ ಬೇಕಿಲ್ಲ. ನೀವೇ ಕೇಳಿ ನೋಡಿ. ಕ್ರೋಮ್‌ನಲ್ಲಿ ಯಾವುದಾದರೂ ಸೈಟ್ ತೆರೆದು F12 ಒತ್ತಿ, Console ಅನ್ನುವ ಕಡೆ ಹೋಗಿ ಇದನ್ನು ಅಂಟಿಸಿ. ಮೊದಲ ಸಲ ಅಂಟಿಸಲು ಬಿಡದಿದ್ದರೆ `allow pasting` ಅಂತ ಟೈಪ್ ಮಾಡಿ ಎಂಟರ್ ಒತ್ತಬೇಕು.

```
console.log(navigator.languages);
console.log(Intl.DateTimeFormat().resolvedOptions().timeZone);
console.log(screen.width, screen.height, devicePixelRatio);
console.log(navigator.hardwareConcurrency, navigator.deviceMemory);
```

ಭಾಷೆಗಳ ಪಟ್ಟಿ, ಸಮಯವಲಯ, ಪರದೆಯ ಅಳತೆ, ಪ್ರೊಸೆಸರಿನ ಕೋರ್‌ಗಳು, ರ‍್ಯಾಮ್ ಎಷ್ಟು ಅನ್ನುವ ಅಂದಾಜು, ಇಷ್ಟು ಬರುತ್ತದೆ. ಇದರಲ್ಲಿ ಯಾವುದೂ ಗುಟ್ಟಲ್ಲ. ಪರದೆ ಎಷ್ಟಗಲ ಅಂತ ಗೊತ್ತಿಲ್ಲದಿದ್ದರೆ ಪುಟವನ್ನು ಹೊಂದಿಸಲೂ ಆಗುವುದಿಲ್ಲ. ಒಂದು ತಮಾಷೆ ನೋಡಿ: ಸಮಯವಲಯಕ್ಕೆ ಕ್ರೋಮ್ ಸಾಮಾನ್ಯವಾಗಿ `Asia/Calcutta` ಅನ್ನುತ್ತದೆ, ಫೈರ್‌ಫಾಕ್ಸ್ `Asia/Kolkata` ಅನ್ನುತ್ತದೆ. ನಾನು ಇಂಥ ಬ್ರೌಸರ್ ಅಂತ ಸುಳ್ಳು ಹೇಳಿಸುವ ಎಕ್ಸ್‌ಟೆನ್ಶನ್ ಹಾಕಿಕೊಂಡವರು ಇಂಥ ಚಿಕ್ಕ ಜಾಗದಲ್ಲೇ ಸಿಕ್ಕಿಬೀಳುತ್ತಾರೆ.

ಫಾಂಟ್‌ಗಳ ಕಥೆ ಇದಕ್ಕಿಂತ ಸೊಗಸು. ನಿಮ್ಮಲ್ಲಿ ಯಾವ ಯಾವ ಫಾಂಟ್ ಇವೆ ಅಂತ ಪಟ್ಟಿ ಕೊಡು ಅಂದರೆ ಬ್ರೌಸರ್ ಕೊಡುವುದಿಲ್ಲ, ನಿಮ್ಮ ಅನುಮತಿ ಕೇಳುತ್ತದೆ. ಆದರೆ ‘ಈ ಹೆಸರಿನ ಫಾಂಟ್‌ನಲ್ಲಿ ಈ ಅಕ್ಷರ ಬರೆ, ಎಷ್ಟಗಲ ಬಂತು?’ ಅಂತ ಕೇಳಿದರೆ ಹೇಳಿಬಿಡುತ್ತದೆ. ಫಾಂಟ್ ಇಲ್ಲದಿದ್ದರೆ ಬದಲಿ ಫಾಂಟ್‌ನ ಅಗಲ ಬರುತ್ತದೆ, ಇದ್ದರೆ ಬೇರೆ ಅಗಲ ಬರುತ್ತದೆ. ಬರಹದ ಒಂದು ಫಾಂಟ್ ಹಿಡಿದು ನೋಡೋಣ.

```
const c = document.createElement('canvas').getContext('2d');
const w = f => { c.font = '72px ' + f; return c.measureText('mmmmmlli').width; };
console.log(w('monospace'), w('"BRH Kannada", monospace'));
```

ಎರಡೂ ಸಂಖ್ಯೆ ಒಂದೇ ಆದರೆ ಫಾಂಟ್ ಇಲ್ಲ ಅಥವಾ ಬ್ರೌಸರ್ ಅದನ್ನು ಪುಟದಿಂದ ಮುಚ್ಚಿಟ್ಟಿದೆ. ಬೇರೆ ಬೇರೆ ಬಂದರೆ ಇದೆ. ನಮ್ಮ ಹಳೆಯ ಕನ್ನಡ ಫಾಂಟ್‌ಗಳು ಈ ಪರೀಕ್ಷೆಯಲ್ಲಿ ಇಂಗ್ಲಿಷ್ ಫಾಂಟ್‌ಗಳಿಗಿಂತ ಸುಲಭವಾಗಿ ಸಿಗುತ್ತವೆ. ಯೂನಿಕೋಡ್ ಬರುವ ಮೊದಲಿನ ಈ ಫಾಂಟ್‌ಗಳಲ್ಲಿ m, l ಅನ್ನುವ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿವೆ. ಕಾಗುಣಿತದ ತುಂಡಿಗೂ ಇಂಗ್ಲಿಷ್ ಅಕ್ಷರಕ್ಕೂ ಅಗಲದಲ್ಲಿ ಎಲ್ಲಿಂದೆಲ್ಲಿಗೆ ಸಂಬಂಧ? ವ್ಯತ್ಯಾಸ ಎದ್ದು ಕಾಣುತ್ತದೆ. ಹೀಗೆ ನೂರಾರು ಹೆಸರುಗಳನ್ನು ಒಂದು ಪುಟ ಕಣ್ಣು ಮಿಟುಕಿಸುವುದರೊಳಗೆ ಕೇಳಿ ಮುಗಿಸುತ್ತದೆ.

ಚಿತ್ರ ಬಿಡಿಸುವ ವಿಧಾನ ಇನ್ನೊಂದು. ಪುಟ ನಿಮಗೆ ಕಾಣದ ಒಂದು ಕ್ಯಾನ್ವಾಸಿನ ಮೇಲೆ ಒಂದು ಸಾಲು ಬರೆಸಿ, ಆ ಚಿತ್ರದ ಒಂದೊಂದು ಚುಕ್ಕಿಯನ್ನೂ ಓದಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್, ಡ್ರೈವರ್, ಫಾಂಟ್, ಅಂಚನ್ನು ನುಣುಪು ಮಾಡುವ ರೀತಿ, ಎಲ್ಲ ಸೇರಿ ಚುಕ್ಕಿಗಳಲ್ಲಿ ಸೂಕ್ಷ್ಮ ವ್ಯತ್ಯಾಸ ಬರುತ್ತದೆ. 2012ರಲ್ಲಿ ಮೋವರಿ ಮತ್ತು ಶಾಕಮ್ ಇದನ್ನು ತೋರಿಸಿಕೊಟ್ಟರು. 2014ರಲ್ಲಿ ಪ್ರಿನ್ಸ್‌ಟನ್ ಮತ್ತು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಲಕ್ಷ ದೊಡ್ಡ ಸೈಟ್‌ಗಳನ್ನು ಜಾಲಾಡಿದಾಗ ನೂರಕ್ಕೆ ಐದರಲ್ಲಿ ಇದು ಆಗಲೇ ನಡೆಯುತ್ತಿತ್ತು. ಕನ್ನಡ ಅಕ್ಷರವನ್ನೇ ಬರೆಸಿದರೆ ಇನ್ನೂ ಒಂದು ವಿಷಯ ಹೊರಬೀಳುತ್ತದೆ: ವಿಂಡೋಸ್ ಅದನ್ನು ನಿರ್ಮಲಾ ಯುಐ ಅಥವಾ ತುಂಗಾದಲ್ಲಿ ಬರೆಯುತ್ತದೆ, ಆಂಡ್ರಾಯ್ಡ್ ನೋಟೋದಲ್ಲಿ, ಮ್ಯಾಕ್ ತನ್ನದೇ ಕನ್ನಡ ಫಾಂಟ್‌ನಲ್ಲಿ. ಒಂದು ‘ಕ್ಷ್ಮ’ ಬರೆಸಿದರೆ ಸಾಕು, ಯಾವ ಯಂತ್ರ ಅಂತ ಗೊತ್ತಾಗುತ್ತದೆ.

ಈ ಚೂರುಗಳೆಲ್ಲ ಸೇರಿದಾಗ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಉದಾಹರಣೆಗೆ ಹಿಡಿದವು. ಒಂದು ಸುದ್ದಿ ಸೈಟಿಗೆ ತಿಂಗಳಿಗೆ ಒಂದು ಲಕ್ಷ ಜನ ಬರುತ್ತಾರೆ ಅಂತಿರಲಿ. ಅದರಲ್ಲಿ ವಿಂಡೋಸ್ ಮೇಲೆ ಕ್ರೋಮ್ ಬಳಸುವವರು 30,000. ಅವರಲ್ಲಿ 1366×768 ಪರದೆ ಇರುವವರು ಆರರಲ್ಲೊಬ್ಬರು, ಅಂದರೆ 5,000. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಮೊದಲು ಇಟ್ಟುಕೊಂಡವರು ಇಪ್ಪತ್ತೈದಕ್ಕೊಬ್ಬರು, 200. ನಾಲ್ಕು ಕೋರ್, 8 ಜಿಬಿ ರ‍್ಯಾಮ್ ಇರುವವರು ನಾಲ್ಕಕ್ಕೊಬ್ಬರು, 50. ನುಡಿ, ಬರಹ ಎರಡೂ ಇರುವವರು ಐವತ್ತಕ್ಕೊಬ್ಬರು. ಉಳಿದದ್ದು ಒಬ್ಬರೇ.

ಈ ಲೆಕ್ಕದಲ್ಲಿ ಒಂದು ಮೋಸ ಇದೆ, ಅದನ್ನೂ ಹೇಳಬೇಕು. ಕನ್ನಡವನ್ನು ಮೊದಲ ಭಾಷೆ ಮಾಡಿಕೊಂಡವರಲ್ಲಿ ನುಡಿ ಇರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಅಲ್ವಾ? ಹಾಗಾಗಿ ಐವತ್ತಕ್ಕೊಬ್ಬರು ಅನ್ನುವ ಭಾಗಾಕಾರ ಪೂರ್ತಿ ನಿಲ್ಲುವುದಿಲ್ಲ, ಐದಾರು ಜನ ಉಳಿಯಬಹುದು. ಆದರೆ ಐಪಿಯಿಂದ ಊರು ದಾವಣಗೆರೆ ಅಂತ ಗೊತ್ತಾದರೆ ಆ ಐದಾರೂ ಒಂದಾಗುತ್ತದೆ. ಇನ್ನೊಂದು ವಿಚಾರ, ಈ ಗುರುತು ಯಾರ ಗುಂಪಿನಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಬೆಂಗಳೂರಿನ ಕನ್ನಡ ಸುದ್ದಿ ಸೈಟಿನಲ್ಲಿ `kn` ಅನ್ನುವ ಭಾಷೆ ತೀರಾ ಅಪರೂಪವಲ್ಲ. ಅದೇ ಲ್ಯಾಪ್‌ಟಾಪ್ ಹಿಡಿದು ಡಲ್ಲಾಸಿನಲ್ಲಿ ಕೂತು ಅಲ್ಲಿಯ ದಿನಸಿ ಅಂಗಡಿಯ ಸೈಟ್ ತೆರೆದರೆ, ಆ ಒಂದು ಸಾಲೇ ಹೆಚ್ಚುಕಮ್ಮಿ ಹೆಸರು ಕೂಗಿದ ಹಾಗೆ.

ಈ ಗುರುತು ಎಷ್ಟು ಗಟ್ಟಿ ಅನ್ನುವುದಕ್ಕೆ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಡಬೇಕು. ಬರೀ ಮೊದಲನೆಯದನ್ನು ಹೇಳಿ ಹೆದರಿಸುವವರು ಬಹಳ. 2010ರಲ್ಲಿ ಇಂಟರ್ನೆಟ್ ಬಳಕೆದಾರರ ಹಕ್ಕುಗಳ ಪರ ಕೆಲಸ ಮಾಡುವ ಅಮೆರಿಕದ ಇಎಫ್ಎಫ್ ಸಂಸ್ಥೆಯ ಪೀಟರ್ ಎಕರ್ಸ್ಲಿ 4,70,161 ಬ್ರೌಸರ್‌ಗಳನ್ನು ನೋಡಿದಾಗ 83.6% ಬ್ರೌಸರ್‌ಗಳ ಗುರುತು ಬೇರೆ ಯಾರಿಗೂ ಹೊಂದಲಿಲ್ಲ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಒಂದು ಮಾಮೂಲಿ ಜನಪ್ರಿಯ ಸೈಟಿನ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಗುರುತುಗಳನ್ನು ನೋಡಿದಾಗ ಅದು 33.6%ಕ್ಕೆ ಇಳಿದಿತ್ತು, ಮೊಬೈಲಿನಲ್ಲಿ 18.5%. ಮೊದಲ ಅಧ್ಯಯನಕ್ಕೆ ಬಂದವರು ಹೆಚ್ಚಾಗಿ ಖಾಸಗಿತನದ ಬಗ್ಗೆ ಕುತೂಹಲ ಇದ್ದವರು, ಬ್ರೌಸರನ್ನು ತಿದ್ದಿ ತೀಡಿಕೊಂಡವರು. ಫ್ಲ್ಯಾಶ್ ಕೂಡ ಆಗ ಫಾಂಟ್ ಪಟ್ಟಿಯನ್ನು ಇಡಿಯಾಗಿ ಕೊಡುತ್ತಿತ್ತು. ಎರಡನೆಯದರಲ್ಲಿ ಬಂದವರು ನಿಮ್ಮ ನಮ್ಮಂಥವರು. ಮೊಬೈಲುಗಳು ಕಾರ್ಖಾನೆಯಿಂದ ಒಂದೇ ಥರ ಬರುತ್ತವೆ, ಅದಕ್ಕೇ ಅಲ್ಲಿ ಗುರುತು ಮಸುಕು. ಫಾಂಟ್ ತುಂಬಿದ ಡಿಟಿಪಿ ಕಂಪ್ಯೂಟರ್ ಮಾತ್ರ ಇವತ್ತಿಗೂ ಆ ಮೂರರಲ್ಲೊಂದರ ಪಾಲಿಗೇ ಸೇರುತ್ತದೆ ಅನ್ನುವುದು ನನ್ನ ಅಂದಾಜು.

ಈಗ ನಿಮ್ಮ ಮೂಲ ಸಂಕಟ. ಕುಕಿ ಅಳಿಸಿದಾಗ ಆಗುವುದು ಇಷ್ಟು: ನಿಮ್ಮ ಹಳೆಯ ಸಂಖ್ಯೆ ಹೋಯಿತು. ಮುಂದಿನ ಪುಟ ತೆರೆದಾಗ ನಿಮಗೆ ಹೊಸ ಸಂಖ್ಯೆ ಕೊಡುತ್ತಾರೆ. ಅದೇ ಹೊತ್ತಿಗೆ ಯಂತ್ರದ ಗುರುತನ್ನೂ ತೆಗೆದುಕೊಂಡರೆ, ನಿನ್ನೆಯವರೆಗೆ ಹಳೆಯ ಸಂಖ್ಯೆಯ ಜೊತೆ ಇದ್ದ ಗುರುತೇ ಇವತ್ತು ಹೊಸ ಸಂಖ್ಯೆಯ ಜೊತೆ ಇದೆ ಅಂತ ಕಾಣುತ್ತದೆ. ಹಳೆಯ ಖಾತೆಗೆ ಹೊಸ ಸಂಖ್ಯೆ ಅಂಟಿಸಿ ಮುಂದುವರಿಯುತ್ತಾರೆ. ಬ್ರೌಸರ್ ಅಪ್‌ಡೇಟ್ ಆಗಿ ಗುರುತು ಕೊಂಚ ಬದಲಾದರೂ, ಆಗ ಕುಕಿ ಸೇತುವೆಯಾಗುತ್ತದೆ. ಒಂದು ಮರೆತದ್ದನ್ನು ಇನ್ನೊಂದು ನೆನಪಿಸುತ್ತದೆ. ಹಾಗಾಗಿ ಕುಕಿಯನ್ನು ವಾರಕ್ಕೊಮ್ಮೆ ಅಳಿಸುವುದರಿಂದ ಗುರುತು ಹಿಡಿಯುವವರಿಗೆ ಜಾಸ್ತಿ ತೊಂದರೆಯಿಲ್ಲ. ನಿಮಗೇ ಎಲ್ಲ ಕಡೆ ಮತ್ತೆ ಲಾಗಿನ್ ಆಗುವ ಕಾಟ.

ಇಂಥದ್ದನ್ನು ಜಾಹೀರಾತಿಗೆ ಬಳಸುವುದು ತಪ್ಪು ಅಂತ 2019ರಲ್ಲಿ ಗೂಗಲ್ಲೇ ಹೇಳಿತ್ತು. 2024ರ ಡಿಸೆಂಬರಿನಲ್ಲಿ ತನ್ನ ಜಾಹೀರಾತುದಾರರ ನಿಯಮ ಸಡಿಲಿಸಿತು. 2025ರ ಫೆಬ್ರುವರಿ 16ರಿಂದ ಅದು ಜಾರಿಗೆ ಬಂತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಇದನ್ನು ಬೇಜವಾಬ್ದಾರಿ ಅಂತ ಬಹಿರಂಗವಾಗಿಯೇ ಟೀಕಿಸಿತು. ಇನ್ನೊಂದು ಕಡೆ ಬ್ಯಾಂಕುಗಳು ಇದೇ ಗುರುತನ್ನು ಕಳ್ಳರನ್ನು ಹಿಡಿಯಲು ಬಳಸುತ್ತವೆ. ನಿಮ್ಮ ಪಾಸ್‌ವರ್ಡ್ ಕದ್ದವನ ಕಂಪ್ಯೂಟರ್ ನಿಮ್ಮದಲ್ಲ ಅಂತ ಗೊತ್ತಾಗುವುದು ಹೀಗೆಯೇ. ಅದಕ್ಕೇ ಬ್ರೌಸರ್ ತಯಾರಕರು ಇದನ್ನು ಒಂದೇ ಏಟಿಗೆ ಮುಚ್ಚಿಬಿಡಲು ಹಿಂದೆ ಮುಂದೆ ನೋಡುತ್ತಾರೆ.

ಹಾಗಾದರೆ ಗುರುತನ್ನು ನಿಜಕ್ಕೂ ಮಸುಕು ಮಾಡುವುದು ಯಾವುದು? ಬ್ರೌಸರ್‌ಗಳು ಎರಡು ದಾರಿ ಹಿಡಿದಿವೆ. ಒಂದು, ಎಲ್ಲರೂ ಒಂದೇ ಥರ ಕಾಣುವ ಹಾಗೆ ಮಾಡುವುದು. ಟಾರ್ ಬ್ರೌಸರ್ ಇದರಲ್ಲಿ ಮುಂದೆ. ಅದು ವಿಂಡೋ ಅಳತೆಯನ್ನು ದುಂಡಗಿನ ಸಂಖ್ಯೆಗೆ ಇಳಿಸುತ್ತದೆ, ಸಮಯವನ್ನು ಎಲ್ಲರಿಗೂ ಒಂದೇ ಆದ ಜಾಗತಿಕ ಸಮಯ ಯುಟಿಸಿ ಅನ್ನುತ್ತದೆ, ಫಾಂಟ್‌ಗಳನ್ನು ತನ್ನ ಜೊತೆಯೇ ತರುತ್ತದೆ. ಸಫಾರಿ 2018ರಿಂದ ಮ್ಯಾಕಿನ ಜೊತೆ ಬಂದ ಫಾಂಟ್‌ಗಳನ್ನು ಮಾತ್ರ ಪುಟಗಳಿಗೆ ತೋರಿಸುತ್ತದೆ. ಇನ್ನೊಂದು ದಾರಿ, ಪ್ರತಿ ಸಲ ಬೇರೆ ಥರ ಕಾಣುವ ಹಾಗೆ ಮಾಡುವುದು. ಬ್ರೇವ್ ಕ್ಯಾನ್ವಾಸಿನ ಚುಕ್ಕಿಗಳಲ್ಲಿ ಕಣ್ಣಿಗೆ ಕಾಣದಷ್ಟು ಏರುಪೇರು ಬೆರೆಸುತ್ತದೆ, ಸೈಟಿನಿಂದ ಸೈಟಿಗೆ ಬೇರೆ. ಫೈರ್‌ಫಾಕ್ಸ್ ತನ್ನ ಖಾಸಗಿ ವಿಂಡೋದಲ್ಲೂ ‘ಸ್ಟ್ರಿಕ್ಟ್’ ವಿಧಾನದಲ್ಲೂ ಎರಡನ್ನೂ ಬೆರೆಸಿ ಮಾಡುತ್ತದೆ. ಕ್ಯಾನ್ವಾಸಿಗೆ ಏರುಪೇರು, ಮತ್ತು ನಾವು ಕೈಯಾರೆ ಹಾಕಿದ ಫಾಂಟ್‌ಗಳಿಗೆ ಪರದೆ. ನಿಮಗೆ ಬೇಕಾದದ್ದು ಈ ಎರಡನೆಯದು.

ನಿಮ್ಮ ಬ್ರೌಸರ್ ಇದನ್ನು ಮಾಡುತ್ತಿದೆಯೋ ಇಲ್ಲವೋ ನೋಡಲು, ಒಂದೇ ಸೈಟನ್ನು ಮಾಮೂಲಿ ವಿಂಡೋದಲ್ಲೂ ಖಾಸಗಿ ವಿಂಡೋದಲ್ಲೂ ತೆರೆದು ಎರಡರಲ್ಲೂ ಇದನ್ನು ಓಡಿಸಿ.

```
const k = document.createElement('canvas'), x = k.getContext('2d');
x.font = '24px sans-serif';
x.fillText('ಸೂಕ್ಷ್ಮ ದೃಷ್ಟಿ', 5, 40);
console.log(k.toDataURL().slice(-60));
```

ಕ್ರೋಮ್‌ನಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಅಕ್ಷರಶಃ ಒಂದೇ ಸಾಲು ಬರುತ್ತದೆ. ಇನ್‌ಕಾಗ್ನಿಟೋ ಏನನ್ನು ಮುಚ್ಚುವುದಿಲ್ಲ ಅನ್ನುವುದು ಅಲ್ಲೇ ಕಣ್ಣಿಗೆ ಕಾಣುತ್ತದೆ. ಬ್ರೇವ್‌ನಲ್ಲಿ ಬೇರೆ ಬೇರೆ ಬರುತ್ತದೆ. ಇಎಫ್ಎಫ್‌ನವರ Cover Your Tracks ಅನ್ನುವ ಪರೀಕ್ಷೆಯ ಪುಟವೂ ಇದೆ. ಆದರೆ ಅಲ್ಲಿ ‘ನಿಮ್ಮ ಗುರುತು ಬೇರಾರಿಗೂ ಇಲ್ಲ’ ಅಂತ ಬಂದರೆ ಗಾಬರಿಯಾಗಬೇಡಿ. ಪ್ರತಿ ಸಲ ವೇಷ ಬದಲಿಸುವ ಬ್ರೌಸರಿಗೂ ಅದೇ ಉತ್ತರ ಬರಬಹುದು. ಬೇರಾರಿಗೂ ಇಲ್ಲ ಅನ್ನುವುದು ಅಪಾಯವಲ್ಲ, ನಾಳೆಯೂ ಅದೇ ಇರುತ್ತದೆ ಅನ್ನುವುದು ಅಪಾಯ.

ನಿಮಗೆ ನನ್ನ ಸಲಹೆ, ಎರಡು ಬ್ರೌಸರ್ ಇಟ್ಟುಕೊಳ್ಳಿ. ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳ ಫೈಲು, ಇದಕ್ಕೆಲ್ಲ ಕ್ರೋಮ್ ಇರಲಿ. ಅದರಲ್ಲಿ Privacy and security ಒಳಗೆ Third-party cookies ಗೆ ಹೋಗಿ ತಡೆ ಹಾಕಿ, ಸಾಕು. ಸುದ್ದಿ, ಖರೀದಿ, ಸುಮ್ನೆ ಅಡ್ಡಾಡುವುದಕ್ಕೆ ಫೈರ್‌ಫಾಕ್ಸ್ ಹಾಕಿ. Settings, Privacy & Security, Enhanced Tracking Protection ನಲ್ಲಿ Strict ಆರಿಸಿ. ಜೊತೆಗೆ ಜಾಹೀರಾತು ಮತ್ತು ಜಾಡು ಹಿಡಿಯುವ ಸ್ಕ್ರಿಪ್ಟ್‌ಗಳನ್ನು ತಡೆಯುವ uBlock Origin ಒಂದು ಎಕ್ಸ್‌ಟೆನ್ಶನ್ ಹಾಕಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು ಇದೇ. ಗುರುತು ತೆಗೆಯುವ ಸ್ಕ್ರಿಪ್ಟ್ ಲೋಡೇ ಆಗದಿದ್ದರೆ ಅದು ಅಳೆಯುವುದಾದರೂ ಏನನ್ನು? ಕ್ರೋಮ್‌ನಲ್ಲಿ ಈಗ ಇದರ ಪೂರ್ತಿ ರೂಪ ನಡೆಯುವುದಿಲ್ಲ, ಲೈಟ್ ಅನ್ನುವ ಇಳಿಸಿದ ರೂಪ ಮಾತ್ರ. ಅದರ ಮೇಲೆ ಇನ್ನೂ ಹತ್ತು ಖಾಸಗಿತನದ ಎಕ್ಸ್‌ಟೆನ್ಶನ್ ಪೇರಿಸಬೇಡಿ. ಒಂದೊಂದೂ ಪುಟದಲ್ಲಿ ಏನಾದರೂ ಬದಲಿಸುತ್ತದೆ, ಆ ಬದಲಾವಣೆಯೇ ಹೊಸ ಗುರುತಾಗುತ್ತದೆ.

ತೊಂದರೆ ಎಲ್ಲೆಲ್ಲಿ ಬರುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ನುಡಿ, ಬರಹ ಫಾಂಟ್ ನಂಬಿಕೊಂಡಿರುವ ಹಳೆಯ ಕನ್ನಡ ಪುಟ ಸಿಕ್ಕರೆ, ಸ್ಟ್ರಿಕ್ಟ್ ಫೈರ್‌ಫಾಕ್ಸಿನಲ್ಲಿ ‘ಕನ್ನಡ’ ಅನ್ನುವುದು `PÀ£ÀßqÀ` ಅಂತ ಕಾಣುತ್ತದೆ. ನಿಮ್ಮ ಫಾಂಟ್ ಹಾಳಾಗಿಲ್ಲ, ಬ್ರೌಸರ್ ಅದನ್ನು ಪುಟಕ್ಕೆ ತೋರಿಸುತ್ತಿಲ್ಲ ಅಷ್ಟೇ. ಅಂಥ ಪುಟವನ್ನು ಕ್ರೋಮ್‌ನಲ್ಲಿ ತೆರೆಯಿರಿ. ವರ್ಡ್, ಪೇಜ್‌ಮೇಕರ್‌ನಲ್ಲಿ ಮಾಡುವ ಕೆಲಸಕ್ಕೆ ಇದರಿಂದ ಏನೂ ಆಗುವುದಿಲ್ಲ. ಎಲ್ಲೋ ಓದಿ `privacy.resistFingerprinting` ಅನ್ನುವ ಒಳಗಿನ ಸೆಟ್ಟಿಂಗ್ ಆನ್ ಮಾಡಿದರೆ, ಕೆಲವು ಸೈಟ್‌ಗಳಲ್ಲಿ ಸಮಯ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಂದ ಆರ್ಡರ್ ನಾಲ್ಕೂವರೆಗೆ ಬಂದಂತೆ ಕಂಡರೆ ಅದೇ ಕಾರಣ. ಅಂಗಡಿ ನಡೆಸುವವರಿಗೆ ಅದು ಬೇಡ. ಇನ್ನು ಫೈರ್‌ಫಾಕ್ಸಿನಲ್ಲಿ ಬ್ಯಾಂಕ್ ತೆರೆದರೆ, ಇದು ಹೊಸ ಯಂತ್ರ ಅಂತ ಅದಕ್ಕೆ ಅನ್ನಿಸಿ ಓಟಿಪಿ ಮೇಲೆ ಓಟಿಪಿ ಕೇಳಬಹುದು. ಬ್ಯಾಂಕಿಗೆ ಕ್ರೋಮ್ ಇರಲಿ ಅಂದದ್ದು ಅದಕ್ಕೇ.

ಮೊಬೈಲಿನದ್ದು ಬೇರೆ ಕಥೆ. ಅಲ್ಲಿ ಜಾಹೀರಾತು ಬಂದದ್ದು ಬ್ರೌಸರಿನಲ್ಲೋ, ಯಾವುದಾದರೂ ಆ್ಯಪಿನಲ್ಲೋ ನೀವು ಬರೆದಿಲ್ಲ. ಆ್ಯಪಿನಲ್ಲಾದರೆ ಮೇಲೆ ಹೇಳಿದ ಯಾವುದೂ ಅದಕ್ಕೆ ತಾಗುವುದಿಲ್ಲ. ಆ್ಯಪುಗಳು ನೋಡುವುದು ಆಂಡ್ರಾಯ್ಡ್ ಕೊಡುವ ಜಾಹೀರಾತು ಐಡಿಯನ್ನು. ಫೋನಿನ Settings ಒಳಗೆ Google, ಅದರೊಳಗೆ Ads ಹುಡುಕಿ Delete advertising ID ಒತ್ತಿ. ಫೋನಿನಿಂದ ಫೋನಿಗೆ ದಾರಿ ಸ್ವಲ್ಪ ಬೇರೆ ಇರುತ್ತದೆ, ಸಿಗದಿದ್ದರೆ ಸೆಟ್ಟಿಂಗ್‌ನ ಹುಡುಕಾಟದಲ್ಲಿ `Ads` ಅಂತ ಹಾಕಿ. ಆಮೇಲೆ ಖರೀದಿ ಆ್ಯಪಿನಲ್ಲಿ ನಿಮ್ಮ ನಂಬರಿನಿಂದ ಲಾಗಿನ್ ಆಗಿಯೇ ಇದ್ದೀರಾ ನೋಡಿ. ಹಾಗಿದ್ದರೆ, ಕಂಪ್ಯೂಟರಿನಲ್ಲಿ ಅದೇ ಅಂಗಡಿಯ ಸೈಟನ್ನು ಲಾಗಿನ್ ಆಗದೆ ನೋಡುವ ಅಭ್ಯಾಸ ಮಾಡಿಕೊಳ್ಳಿ, ಕೊಳ್ಳುವಾಗ ಮಾತ್ರ ನಂಬರ್ ಕೊಡಿ. ಹಾಲು ಕರೆಯುವ ಯಂತ್ರದ ಪರೀಕ್ಷೆ ಮಾಡಿದರೆ, ಎರಡೂ ಸಲ ಏನಾಯಿತು, ಜಾಹೀರಾತು ಎಲ್ಲಿ ಕಂಡಿತು ಅಂತ ಬರೆಯಿರಿ. ಅಷ್ಟು ಗೊತ್ತಾದರೆ ಮೂರರಲ್ಲಿ ಯಾವ ದಾರಿ ಅಂತ ಇನ್ನೂ ಖಚಿತವಾಗಿ ಹೇಳಬಹುದು.